ಒಂದೇ ಕಾವಲಿಯಲ್ಲಿ ಹಾಫ್ ಬಾಯಿಲ್ ಮೊದಲು, ಆಮ್ಲೆಟ್ ಆಮೇಲೆ

ಮನೆಯಲ್ಲಿ ಒಬ್ಬರಿಗೆ ಆಮ್ಲೆಟ್, ಇನ್ನೊಬ್ಬರಿಗೆ ಸನ್ನಿ ಸೈಡ್ ಅಪ್, ಅಂದರೆ ನಮ್ಮ ಬೆಂಗಳೂರಿನ ಮೊಟ್ಟೆ ಗಾಡಿಗಳ ಹಾಫ್ ಬಾಯಿಲ್ ಬೇಕು ಎಂದಿಟ್ಟುಕೊಳ್ಳಿ. ಕಾವಲಿ ಒಂದೇ ಇದ್ದರೆ ಹಾಫ್ ಬಾಯಿಲ್ ಮೊದಲು ಮಾಡಿ. ಅದಕ್ಕೆ ಹದವಾದ ಸಣ್ಣ ಕಾವು ಸಾಕು, ಆಮ್ಲೆಟ್‌ಗೆ ಹೆಚ್ಚು ಬೇಕು. ಉರಿ ಏರಿಸಿ ಕಾವಲಿಯನ್ನು ಕಾಯಿಸುವುದು ಬೇಗ ಆಗುತ್ತದೆ. ಜೋರಾಗಿ ಕಾದ ಕಬ್ಬಿಣದ ಕಾವಲಿ ಮಾತ್ರ ಒಲೆ ಸಿಮ್ ಮಾಡಿದರೂ ಸುಲಭಕ್ಕೆ ತಣಿಯುವುದಿಲ್ಲ.

ಎರಡಕ್ಕೂ ಬೇರೆ ಬೇರೆ ಕಾವು ಏಕೆ? ಮೊಟ್ಟೆಯ ಬಿಳಿ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಲು ಶುರುವಾದರೂ ಚೆನ್ನಾಗಿ ಗಟ್ಟಿಯಾಗಲು 80ರ ಹತ್ತಿರ ಹೋಗಬೇಕು. ಹಳದಿ 65ರಲ್ಲಿ ಮಂದವಾಗತೊಡಗಿ 70 ದಾಟುವಷ್ಟರಲ್ಲಿ ಗಟ್ಟಿಯಾಗುತ್ತದೆ. ಹಾಫ್ ಬಾಯಿಲ್‌ನಲ್ಲಿ ಬಿಳಿ ಪೂರ್ತಿ ಬೇಯಬೇಕು, ಹಳದಿ ಹರಿಯುವಂತಿರಬೇಕು, ಆದರೆ ಕಾವು ಬರುವುದು ಕೆಳಗಿನಿಂದ ಮಾತ್ರ. ಹಳದಿಯ ಸುತ್ತ ಇರುವ ದಪ್ಪ ಬಿಳಿಗೆ ಆ ಕಾವು ಏರಲು ಹೊತ್ತು ಬೇಕು. ಉರಿ ಜೋರಾದರೆ ತಳ ಕಂದಾಗಿ ಒಣಗುತ್ತದೆ, ಮೇಲೆ ಲೋಳೆ ಹಸಿಯಾಗಿಯೇ ಉಳಿಯುತ್ತದೆ.

ಎಣ್ಣೆ ಹಾಕುವ ಮೊದಲು ಕಾವಲಿಗೆ ಒಂದು ಹನಿ ನೀರು ಚಿಮುಕಿಸಿ. ಹನಿ ಇದ್ದಲ್ಲೇ ಸಣ್ಣಗೆ ಗುಳ್ಳೆಯಾಡಿ ನಿಧಾನವಾಗಿ ಆರಿದರೆ ಹಾಫ್ ಬಾಯಿಲ್‌ಗೆ ಸರಿಯಾದ ಹದ. ಚುರ್ ಎಂದು ತಕ್ಷಣ ಆರಿಹೋದರೆ ಆಮ್ಲೆಟ್ ಹದ. ಮುತ್ತಿನಂತೆ ಉರುಳಾಡಿದರೆ ಎರಡಕ್ಕೂ ಮಿತಿ ಮೀರಿದೆ, ಕೆಳಗಿಳಿಸಿ ಕಾಯಿರಿ. ನಾನ್‌ಸ್ಟಿಕ್ ಪ್ಯಾನ್ ಆದರೆ ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಲೇಬೇಡಿ.

ಈಗ ಒಂದು ಚಮಚ ಎಣ್ಣೆ ಹಾಕಿ, ಮೊಟ್ಟೆಯನ್ನು ಬಟ್ಟಲಿಗೆ ಒಡೆದು ಅಲ್ಲಿಂದ ಮೆಲ್ಲಗೆ ಕಾವಲಿಗೆ ಜಾರಿಸಿ. ಬಿಳಿಯ ಅಂಚು ಸದ್ದಿಲ್ಲದೆ, ಸುಮಾರು ಅರ್ಧ ನಿಮಿಷದಲ್ಲಿ ಬೆಳ್ಳಗಾಗಬೇಕು. ಬಿಳಿ ಗುಳ್ಳೆ ಎದ್ದು ಚಟಪಟ ಎಂದರೆ ಕಾವಲಿಯನ್ನೇ ಒಲೆಯಿಂದ ಎತ್ತಿ ಹಿಡಿಯಿರಿ. ಒಲೆಯ ನಾಬ್ ತಿರುಗಿಸಿ ಉರಿ ತಗ್ಗಿಸಿದ್ದು ಕಾವಲಿಗೆ ತಿಳಿಯುವ ಹೊತ್ತಿಗೆ ತಳ ಸುಟ್ಟಿರುತ್ತದೆ. ಸಣ್ಣ ಉರಿಯಲ್ಲಿ ಎರಡು ನಿಮಿಷ ಬಿಟ್ಟು, ಅಂಚಿನಲ್ಲಿ ಅರ್ಧ ಚಮಚ ನೀರು ಬಿಟ್ಟು, ಮುಚ್ಚಳ ಮುಚ್ಚಿ. ಮುಕ್ಕಾಲು ನಿಮಿಷದಿಂದ ಒಂದು ನಿಮಿಷದಲ್ಲಿ ಹಬೆ ಮೇಲಿನ ಲೋಳೆಯನ್ನು ಬೇಯಿಸುತ್ತದೆ. ಹಳದಿಯ ಮೇಲೆ ತೆಳು ಬಿಳಿ ಪೊರೆ ಕೂರುತ್ತದೆ, ರುಚಿಗೆ ಅದರಿಂದ ತೊಂದರೆಯಿಲ್ಲ. ಹಳದಿ ಹೊಳೆಯಲೇಬೇಕು ಎಂದರೆ ನೀರು, ಮುಚ್ಚಳ ಬಿಟ್ಟು, ಎಣ್ಣೆ ಸ್ವಲ್ಪ ಹೆಚ್ಚು ಹಾಕಿ, ಬಿಸಿ ಎಣ್ಣೆಯನ್ನು ಚಮಚದಿಂದ ಬಿಳಿಯ ಮೇಲೆ ಮಾತ್ರ ಹುಯ್ಯಿರಿ.

ಕಾವಲಿಯನ್ನು ಮೆಲ್ಲಗೆ ಅಲುಗಾಡಿಸಿ ನೋಡಿ. ಹಳದಿ ತುಳುಕಬೇಕು, ಅದರ ಬುಡದ ಬಿಳಿ ಅಲುಗಬಾರದು. ಫ್ರಿಜ್‌ನಿಂದ ಆಗಷ್ಟೇ ತೆಗೆದ ಮೊಟ್ಟೆಗೆ ಅರ್ಧ ನಿಮಿಷ ಹೆಚ್ಚು ಬೇಕಾಗುತ್ತದೆ. ಹಳೆಯ ಮೊಟ್ಟೆಯ ಬಿಳಿ ನೀರಾಗಿ ಅಗಲಕ್ಕೆ ಹರಡಿ ಅಂಚು ಬೇಗ ಒಣಗುವುದರಿಂದ ಅದು ಆಮ್ಲೆಟ್‌ಗೇ ಇರಲಿ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರಿಗೆ ಹರಿಯುವ ಹಳದಿ ಕೊಡಬೇಡಿ. ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಇಷ್ಟು ಕಾವಿಗೆ ಸಾಯುವುದೆಂಬ ಭರವಸೆಯಿಲ್ಲ.

ಹಾಫ್ ಬಾಯಿಲ್ ತಟ್ಟೆಗೆ ಹೋದ ಮೇಲೆ ಕಾವಲಿ ಒರೆಸಿ, ಉರಿಯನ್ನು ಮಧ್ಯಮಕ್ಕಿಂತ ತುಸು ಮೇಲೇರಿಸಿ. ಆಮ್ಲೆಟ್‌ನಲ್ಲಿ ಹಳದಿ ಕಾಪಾಡುವ ಚಿಂತೆಯಿಲ್ಲ. ಎಲ್ಲವೂ ಬೆರೆತು ತೆಳ್ಳಗೆ ಹರಡಿರುವುದರಿಂದ ಕಾವು ಕ್ಷಣದಲ್ಲಿ ಮೇಲಕ್ಕೆ ಮುಟ್ಟುತ್ತದೆ. ಎರಡು ಮೊಟ್ಟೆ, ಸಣ್ಣಗೆ ಹೆಚ್ಚಿದ ಒಂದು ಪುಟ್ಟ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು ಸೇರಿಸಿ, ಬಿಳಿಯ ಎಳೆ ಕಾಣದಂತೆ ಕದಡಿ ಕೂಡಲೇ ಹುಯ್ಯಿರಿ. ಉಪ್ಪು ಹಾಕಿಟ್ಟು ಹೊತ್ತು ಮಾಡಿದರೆ ಈರುಳ್ಳಿ ನೀರು ಬಿಡುತ್ತದೆ.

ಹುಯ್ದೊಡನೆ ಚುರ್ ಎನ್ನಬೇಕು. ಸದ್ದೇ ಬಾರದಿದ್ದರೆ ಕಾವು ಸಾಲದು. ಕೆಂಪಗಾಗಲಿ ಎಂದು ಕಾಯುತ್ತಾ ಕೂತರೆ ಮೊಟ್ಟೆ ಒಣಗಿ ರಬ್ಬರ್ ಆಗುತ್ತದೆ. ಮೊದಲ ಕಾಲು ನಿಮಿಷ ಅಂಚನ್ನು ಒಳಕ್ಕೆಳೆದು, ಮೇಲಿನ ದ್ರವ ಖಾಲಿ ಜಾಗಕ್ಕೆ ಹರಿಯುವಂತೆ ಕಾವಲಿಯನ್ನು ಓರೆ ಮಾಡಿ. ಸುಮಾರು ಮುಕ್ಕಾಲು ನಿಮಿಷಕ್ಕೆ ಮೇಲ್ಭಾಗ ತೇವವಾಗಿದ್ದರೂ ಹರಿಯದಂತಾಗುತ್ತದೆ. ಆಗ ಮಗುಚಿ, ಇಪ್ಪತ್ತು ಸೆಕೆಂಡಿಗೆ ತೆಗೆಯಿರಿ.

ಇನ್ನೊಂದು ಆಮ್ಲೆಟ್ ಬೇಕಿದ್ದರೆ ಉರಿಯನ್ನು ಸ್ವಲ್ಪ ತಗ್ಗಿಸಿಯೇ ಹುಯ್ಯಿರಿ. ಅಷ್ಟು ಹೊತ್ತಿಗೆ ಕಾವಲಿ ಮೊದಲಿಗಿಂತ ಹೆಚ್ಚು ಕಾದಿರುತ್ತದೆ, ಅದೇ ಸಮಯ ಇಟ್ಟರೆ ಎರಡನೆಯದು ಸೀಯುತ್ತದೆ.