ಮನೆಯಲ್ಲಿ ಬಿಪಿ ನೋಡುವುದು: ಕಫ್, ತೋಳು ಮತ್ತು ಒಂದು ವಾರದ ಲೆಕ್ಕ

ಬಿಪಿ ಯಂತ್ರದ ಅಂಕಿಯನ್ನು ನಂಬುವ ಮೊದಲು ನಾನು ಟೇಪು ಹಿಡಿದು ತೋಳಿನ ಸುತ್ತಳತೆ ನೋಡುತ್ತೇನೆ. ಹೆಗಲ ಮೂಳೆಯ ತುದಿಗೂ ಮೊಣಕೈಗೂ ಸರಿಮಧ್ಯದಲ್ಲಿ ಅಳೆಯಬೇಕು. ಯಂತ್ರದ ಜೊತೆ ಬರುವ ಕಫ್ ಹೆಚ್ಚಾಗಿ 22ರಿಂದ 32 ಸೆಂ.ಮೀ. ತೋಳಿಗೆ ಹೊಂದುವಂಥದ್ದು, ಅಳತೆ ಅದರ ಮೇಲೇ ಅಚ್ಚಾಗಿರುತ್ತದೆ. ತೋಳು 36 ಸೆಂ.ಮೀ. ಇದ್ದರೆ ಎಷ್ಟು ಎಳೆದು ಕಟ್ಟಿದರೂ ಒಳಗಿನ ಗಾಳಿಚೀಲ ತೋಳನ್ನು ಸಾಕಷ್ಟು ಸುತ್ತುವುದಿಲ್ಲ. ಆಗ ರಕ್ತನಾಳವನ್ನು ಅದುಮಲು ಹೆಚ್ಚು ಒತ್ತಡ ಬೇಕಾಗಿ, ಇಲ್ಲದ ಬಿಪಿ ಇದ್ದಂತೆ ಕಾಣುತ್ತದೆ. ಸಣ್ಣ ತೋಳಿಗೆ ದೊಡ್ಡ ಕಫ್ ಹಾಕಿದರೆ ಇರುವ ಬಿಪಿ ಕಡಿಮೆಯಾಗಿ ಕಾಣುತ್ತದೆ. ಕಫ್ ಬರಿಯ ಚರ್ಮದ ಮೇಲಿರಲಿ, ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ. ಅಂಗಿಯ ಬಿಗಿಯಾದ ತೋಳನ್ನು ಮೇಲಕ್ಕೆ ಸುರುಟಿಕೊಳ್ಳುವ ಬದಲು ಅಂಗಿಯನ್ನೇ ತೆಗೆಯುವುದು ಒಳ್ಳೆಯದು.

ಹೆಚ್ಚಿನವರು ಎಡವುವುದು ಕೈ ಇಡುವ ಎತ್ತರದಲ್ಲಿ. ಕಫ್ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ ಸುಮಾರು 7–8 ಹೆಚ್ಚಾಗುತ್ತದೆ. ತೊಡೆಯ ಮೇಲೆ ಕೈ ಇಟ್ಟುಕೊಂಡರೆ ಆಗುವುದು ಇದೇ. ಮೇಜಿನ ಮೇಲೆ, ಬೇಕಿದ್ದರೆ ಕೆಳಗೊಂದು ದಿಂಬಿಟ್ಟು, ಕಫ್ ಎದೆಯ ನಡುಮಟ್ಟಕ್ಕೆ ಬರುವಂತೆ ಮಾಡಿಕೊಳ್ಳುತ್ತೇನೆ. ಕೈಯನ್ನು ಎತ್ತಿ ಹಿಡಿಯದೆ ಸಡಿಲ ಬಿಡಬೇಕು. ಬೆನ್ನಿಗೆ ಆಸರೆ ಇರಲಿ, ಪಾದ ನೆಲ ಮುಟ್ಟಲಿ, ಕಾಲ ಮೇಲೆ ಕಾಲು ಬೇಡ. ಕಾಫಿ, ಸಿಗರೇಟು, ವ್ಯಾಯಾಮ ಮುಗಿದು ಅರ್ಧ ಗಂಟೆಯಾಗಿರಬೇಕು. ಮೂತ್ರ ಕಟ್ಟಿಕೊಂಡು ಕೂರಬಾರದು. ಐದು ನಿಮಿಷ ಸುಮ್ಮನೆ ಕುಳಿತು, ಮಾತಾಡದೆ ನೋಡಿ.

ಕ್ಲಿನಿಕ್ಕಿನಲ್ಲಿ 148/92 ಬಂತೆನ್ನಿ. ಅದು ನಿಜವಾದ ಬಿಪಿಯೋ, ವೈದ್ಯರೆದುರು ಮಾತ್ರ ಏರುವ ಬಿಪಿಯೋ ಎಂಬುದು ಒಂದೇ ರೀಡಿಂಗಿನಿಂದ ಗೊತ್ತಾಗುವುದಿಲ್ಲ. ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ, ಒಂದು ನಿಮಿಷದ ಅಂತರದಲ್ಲಿ ಎರಡೆರಡು ಸಲ ನೋಡಿ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟರೆ 24 ರೀಡಿಂಗ್ ಉಳಿಯುತ್ತವೆ. ಅವುಗಳ ಸರಾಸರಿ ತೆಗೆಯಿರಿ. 126/79 ಬಂದರೆ ಅದು ವೈದ್ಯರೆದುರು ಮಾತ್ರ ಏರುವ ಬಿಪಿ, ಅಂದರೆ ವೈಟ್ ಕೋಟ್ ಪರಿಣಾಮ ಎನ್ನಬಹುದು. ಆದರೂ ಆ ಪಟ್ಟಿ ವೈದ್ಯರ ಕೈ ಸೇರಬೇಕು, ಏಕೆಂದರೆ ಇಂಥವರಲ್ಲಿ ಕೆಲವರಿಗೆ ಮುಂದೆ ಬಿಪಿ ಕಾಯಂ ಆಗಿ ಹೆಚ್ಚೇ ಇರುತ್ತದೆ. ಸರಾಸರಿ 135/85 ಅಥವಾ ಮೇಲಿದ್ದರೆ ಮನೆಯಲ್ಲೂ ಹೆಚ್ಚೇ, ವೈದ್ಯರನ್ನು ಕಾಣಿ. ಚೆನ್ನಾಗಿ ಬಂದ ಅಂಕಿಗಳನ್ನಷ್ಟೇ ಆರಿಸಿ ಬರೆದರೆ ಈ ಲೆಕ್ಕಕ್ಕೆ ಅರ್ಥವಿಲ್ಲ.

180/120 ಮುಟ್ಟಿದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ, ಬೇರೆ ತೊಂದರೆ ಇಲ್ಲದಿದ್ದರೂ ಅಂದೇ ವೈದ್ಯರಿಗೆ ತಿಳಿಸಿ. ಹೆಚ್ಚುವರಿ ಮಾತ್ರೆ ನುಂಗಬೇಡಿ. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಒಂದು ಬದಿ ಶಕ್ತಿ ಕುಂದುವುದು, ಕಣ್ಣು ಮಂಜಾಗುವುದು ಇದ್ದರೆ ಎರಡನೇ ರೀಡಿಂಗಿಗೆ ಕಾಯದೆ ಆಂಬುಲೆನ್ಸ್ ಕರೆಸಿ. ಗರ್ಭಿಣಿಯರಿಗೆ ಇಷ್ಟು ಏರುವವರೆಗೆ ಕಾಯುವಂತಿಲ್ಲ: 140/90 ಬಂದರೇ ವೈದ್ಯರಿಗೆ ತಿಳಿಸಬೇಕು, 160/110 ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.