ಎಲ್‌ಇಡಿ ವಾಲ್ ಮೇಲೆ ಓಡುವ ಪಟ್ಟಿ: ನಾನು ತೆಗೆಯುವ ರೀತಿ

ಮದುವೆ ರಿಸೆಪ್ಷನ್ ಶೂಟ್ ಮಾಡುವವರಿಗೆ ಈ ಗೋಳು ಚೆನ್ನಾಗಿ ಗೊತ್ತು. ಸ್ಟೇಜ್ ಹಿಂದೆ ದೊಡ್ಡ ಎಲ್‌ಇಡಿ ವಾಲ್, ಅದರಲ್ಲಿ ಗಂಡು ಹೆಣ್ಣಿನ ಹೆಸರು, ಫೋಟೋ. ಕಣ್ಣಿಗೆ ಎಲ್ಲ ಚೆಂದ. ರೆಕಾರ್ಡ್ ಆದ ಕ್ಲಿಪ್‌ನಲ್ಲಿ ಮಾತ್ರ ವಾಲ್ ಮೇಲೆ ಮಬ್ಬಾದ ಅಡ್ಡ ಪಟ್ಟಿಗಳು ಕುಣಿಯುತ್ತಿರುತ್ತವೆ. ಇದಕ್ಕೆ ಕ್ಯಾಮೆರಾ ಹಳೆಯದು, ವಾಲ್ ಅಗ್ಗದ್ದು ಎಂದು ಕಾರಣ ಹೇಳುವವರೇ ಹೆಚ್ಚು. ನಾನು ಕಂಡಂತೆ ಬಹುಪಾಲು ಕಡೆ ಕಾರಣ ಬೇರೆಯೇ ಇರುತ್ತದೆ: ನಮ್ಮ ಕರೆಂಟು 50 ಹರ್ಟ್ಜ್, ವಾಲ್‌ಗೆ ಚಿತ್ರ ಕಳಿಸುವ ಲ್ಯಾಪ್‌ಟಾಪ್ 60 ಹರ್ಟ್ಜ್.

ನಾವು 25 ಫ್ರೇಮ್, ಶಟರ್ 1/50 ಇಟ್ಟುಕೊಳ್ಳುತ್ತೇವೆ. ಹಾಲ್‌ನ ಲೈಟುಗಳು 50 ಹರ್ಟ್ಜ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. 1/50 ಎಂದರೆ 20 ಮಿಲಿಸೆಕೆಂಡು, ಅದರಲ್ಲಿ ಸರಿಯಾಗಿ ಎರಡು ಏರಿಳಿತ ಹಿಡಿಯುತ್ತದೆ. ಹಾಗಾಗಿ ಮುಖದ ಮೇಲೆ, ಗೋಡೆಯ ಮೇಲೆ ಪಟ್ಟಿ ಬರುವುದಿಲ್ಲ. ವಾಲ್ ಮಾತ್ರ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತಿರುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡು. ಬಾಡಿಗೆಗೆ ಬರುವ ಅನೇಕ ವಾಲ್‌ಗಳಲ್ಲಿ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕಣ್ಣಿಗೆ ಗೊತ್ತಾಗದಷ್ಟು ಚಿಕ್ಕ ಕತ್ತಲು ಇರುತ್ತದೆ. ಕ್ಯಾಮೆರಾದ ಸೆನ್ಸರ್ ಮೇಲಿಂದ ಕೆಳಗೆ ಒಂದೊಂದೇ ಸಾಲು ಓದುವುದರಿಂದ, 20 ಮಿಲಿಸೆಕೆಂಡಿನಲ್ಲಿ ಕೆಲವು ಸಾಲುಗಳಿಗೆ ಒಂದು ಕತ್ತಲು ಸಿಗುತ್ತದೆ, ಕೆಲವಕ್ಕೆ ಎರಡು. ಎರಡು ಸಿಕ್ಕ ಸಾಲುಗಳೇ ನಮಗೆ ಕಾಣುವ ಮಬ್ಬು ಪಟ್ಟಿ.

ಹಾಗಾದರೆ ಶಟರ್ 1/60 ಇಟ್ಟರೆ ಆಯಿತಲ್ಲ? ವಾಲ್ ಸ್ವಚ್ಛವಾಗುತ್ತದೆ, ನಿಜ. ಆದರೆ ಆಗ ಹಾಲ್‌ನ ಟ್ಯೂಬ್‌ಲೈಟು, ಕಡಿಮೆ ಬೆಲೆಯ ಎಲ್‌ಇಡಿ ಲೈಟುಗಳ ಏರಿಳಿತ ಶಟರ್‌ಗೆ ಹೊಂದುವುದಿಲ್ಲ, ಪಟ್ಟಿ ವಾಲ್ ಬಿಟ್ಟು ಜನರ ಮೇಲೆ ಬರುತ್ತದೆ. ಯಾವುದರ ಪಟ್ಟಿ ಎಂದು ಗುರುತಿಸುವುದು ಕಷ್ಟವಲ್ಲ. ವಾಲ್ ಒಳಗೆ ಮಾತ್ರ ಇದ್ದು ಫ್ರೇಮಿಂದ ಫ್ರೇಮಿಗೆ ಜಿಗಿಯುತ್ತಿದ್ದರೆ ಅದು ವಾಲ್‌ನದು. ಬಿಳಿ ಗೋಡೆ, ಬಿಳಿ ಪಂಚೆಯ ಮೇಲೂ ಹರಡಿ, ನಿಂತಲ್ಲೇ ನಿಂತಂತೆ ಅಥವಾ ಬಹಳ ನಿಧಾನವಾಗಿ ತೇಲುತ್ತಿದ್ದರೆ ಅದು ಹಾಲ್ ಲೈಟಿನದು. ಇದನ್ನು ವ್ಯೂಫೈಂಡರ್ ನೋಡಿ ನಿರ್ಧರಿಸಬೇಡಿ, ಅದಕ್ಕೆ ಅದರದ್ದೇ ರಿಫ್ರೆಶ್ ಇರುತ್ತದೆ. ಸ್ವಲ್ಪ ಹೊತ್ತು ರೆಕಾರ್ಡ್ ಮಾಡಿ, ಪ್ಲೇ ಮಾಡಿ, ಝೂಮ್ ಮಾಡಿ ನೋಡಿ.

ಅದಕ್ಕೇ ನಾನು ಶಟರ್ ಮುಟ್ಟುವ ಮೊದಲು ವಾಲ್ ಆಪರೇಟರ್ ಹತ್ತಿರ ಹೋಗುತ್ತೇನೆ. ಹಾಸನದ ಕಡೆಯ ಒಂದು ಕಲ್ಯಾಣ ಮಂಟಪದಲ್ಲಿ, ಇನ್ನೂ ಸ್ಟೇಜ್‌ಗೆ ಹೂ ಕಟ್ಟುತ್ತಿದ್ದಾಗಲೇ ಕೇಳಿದೆ: “ಅಣ್ಣಾ, ಲ್ಯಾಪ್‌ಟಾಪ್ ಔಟ್‌ಪುಟ್ 50 ಹರ್ಟ್ಜ್‌ಗೆ ಹಾಕ್ತೀರಾ?” “ಹಾಕಿದ್ರೆ ವಾಲ್ ಆಫ್ ಆಗಲ್ವಾ ಸಾರ್?” ಎಂದರು. ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತದೆ, ಅಷ್ಟೇ. ವಿಂಡೋಸ್‌ನಲ್ಲಿ Settings, ಅದರೊಳಗೆ System, Display, Advanced display. ಅಲ್ಲಿ ವಾಲ್‌ಗೆ ಹೋಗುವ ಡಿಸ್ಪ್ಲೇ ಆರಿಸಿ, ರಿಫ್ರೆಶ್ ರೇಟ್ 50 Hz ಮಾಡಿದೆವು. ಈಗ ವಾಲ್‌ನ ಒಂದು ಸುತ್ತು 20 ಮಿಲಿಸೆಕೆಂಡು, ನಮ್ಮ 1/50 ಕೂಡ 20, ಹಾಲ್ ಲೈಟಿನ ಎರಡು ಏರಿಳಿತವೂ 20. ಮೂರೂ ಒಂದಾದವು, ಪಟ್ಟಿ ಹೋಯಿತು.

ಎಲ್ಲ ಕಡೆ ಇಷ್ಟು ಸುಲಭವಲ್ಲ. ರಿಫ್ರೆಶ್ ರೇಟ್‌ನ ಆಯ್ಕೆಗಳಲ್ಲಿ 50 ಕಾಣಿಸದಿದ್ದರೆ, ವಾಲ್‌ನ ಪ್ರೊಸೆಸರ್ ತನಗೆ 60 ಮಾತ್ರ ಬರುತ್ತದೆ ಎಂದು ಲ್ಯಾಪ್‌ಟಾಪ್‌ಗೆ ಹೇಳುತ್ತಿದೆ ಎಂದರ್ಥ. ಪ್ರೊಸೆಸರ್‌ನ ಇನ್‌ಪುಟ್ ಸೆಟ್ಟಿಂಗ್‌ನಲ್ಲಿ, EDID ಎಂಬಲ್ಲಿ, 50ರ ಆಯ್ಕೆ ಇದ್ದರೆ ಆಪರೇಟರ್ ಬದಲಿಸಬಹುದು. ಕೆಲವು ಪ್ರೊಸೆಸರ್‌ಗಳು 50 ಕೊಟ್ಟರೂ ತಾವೇ 60 ಮಾಡಿ ಕಳಿಸುತ್ತವೆ, ಆಗ ಕ್ಲಿಪ್‌ನಲ್ಲಿ ಏನೂ ಬದಲಾಗಿರುವುದಿಲ್ಲ. ಅಂಥಲ್ಲಿ ನಾನು ಮುಖಗಳನ್ನು ಕಾಪಾಡಿಕೊಂಡು 1/50ರಲ್ಲೇ ಶೂಟ್ ಮಾಡಿ, ವಾಲ್ ಅನ್ನು ಎಡಿಟ್‌ನಲ್ಲಿ ಸರಿ ಮಾಡುತ್ತೇನೆ. ಸ್ಟೇಜ್ ಮೇಲೆ ಪೂರ್ತಿ ನಮ್ಮದೇ ಒಳ್ಳೆಯ ವಿಡಿಯೋ ಲೈಟುಗಳಿದ್ದರೆ ಮಾತ್ರ 1/60. ಸ್ಲೋ ಮೋಷನ್‌ಗೆ ಇದ್ಯಾವುದೂ ನಡೆಯುವುದಿಲ್ಲ: 100 ಫ್ರೇಮಿನಲ್ಲಿ ಶಟರ್ 1/100ಕ್ಕಿಂತ ನಿಧಾನವಾಗಲಾರದು, ಅಷ್ಟರಲ್ಲಿ ವಾಲ್‌ನ ಒಂದು ಸುತ್ತು ಮುಗಿಯುವುದೇ ಇಲ್ಲ. ಆ ಶಾಟ್‌ಗಳಿಗೆ ಕ್ಯಾಮೆರಾವನ್ನು ವಾಲ್ ಕಾಣದ ಕಡೆ ತಿರುಗಿಸುತ್ತೇನೆ.

ಇನ್ನು ಎಡಿಟ್‌ನ ವಿಷಯ. ಬೇರೆಯವರು ಶೂಟ್ ಮಾಡಿದ ಫುಟೇಜ್ ನನ್ನ ಹತ್ತಿರ ಎಡಿಟಿಂಗ್‌ಗೆ ಬರುತ್ತದೆ, ಅದರಲ್ಲಿ ಈ ಪಟ್ಟಿ ಸಾಮಾನ್ಯ. 25 ಫ್ರೇಮ್, 1/50, ವಾಲ್ 60 ಆಗಿದ್ದರೆ ಇದಕ್ಕೊಂದು ಅನುಕೂಲದ ಲೆಕ್ಕವಿದೆ. ಐದು ಫ್ರೇಮಿನ ಹೊತ್ತಿಗೆ ವಾಲ್ ಸರಿಯಾಗಿ 12 ಸುತ್ತು ಹಾಕಿರುತ್ತದೆ, ಆದ್ದರಿಂದ ಆರನೇ ಫ್ರೇಮಿನಲ್ಲಿ ಪಟ್ಟಿ ಮೊದಲನೇ ಫ್ರೇಮಿನ ಜಾಗಕ್ಕೇ ಬರುತ್ತದೆ. ಆ ಐದರಲ್ಲಿ ಯಾವ ಸಾಲನ್ನೇ ತೆಗೆದುಕೊಳ್ಳಿ, ಒಂದು ಫ್ರೇಮಿನಲ್ಲಿ ಅದು ಮಬ್ಬು, ಉಳಿದ ನಾಲ್ಕರಲ್ಲಿ ಸರಿ. ಐದನ್ನೂ ಸೇರಿಸಿ ಸರಾಸರಿ ತೆಗೆದರೆ ಎಲ್ಲ ಸಾಲಿಗೂ ಒಂದೇ ಬೆಳಕು. ನಾಲ್ಕು ಅಥವಾ ಆರು ಫ್ರೇಮ್ ತೆಗೆದುಕೊಂಡರೆ ಇದು ಕೆಡುತ್ತದೆ, ಪಟ್ಟಿ ಸ್ವಲ್ಪ ಉಳಿದೇ ಉಳಿಯುತ್ತದೆ. ಉಚಿತವಾಗಿ ಸಿಗುವ ಎಫ್‌ಎಫ್‌ಎಂಪೆಗ್‌ನಲ್ಲಿ ಇದಕ್ಕೆ ಒಂದೇ ಸಾಲು:

```
ffmpeg -i clip.mp4 -vf "tmix=frames=5" -c:v prores_ks -an avg.mov
```

ಹೀಗೆ ಬಂದ avg.mov ಅನ್ನು ಟೈಮ್‌ಲೈನ್‌ನಲ್ಲಿ ಮೂಲ ಕ್ಲಿಪ್‌ನ ಮೇಲಿನ ಟ್ರ್ಯಾಕ್‌ಗೆ ಹಾಕುತ್ತೇನೆ. ಇದು ಈಗಿನ ಫ್ರೇಮ್ ಮತ್ತು ಹಿಂದಿನ ನಾಲ್ಕನ್ನು ಸೇರಿಸುವುದರಿಂದ ಚಿತ್ರ ಎರಡು ಫ್ರೇಮ್ ತಡವಾಗಿರುತ್ತದೆ, ಹಾಗಾಗಿ ಕ್ಲಿಪ್ ಅನ್ನು ಎರಡು ಫ್ರೇಮ್ ಎಡಕ್ಕೆ ಸರಿಸಬೇಕು. ಆಮೇಲೆ ವಾಲ್‌ನ ನಾಲ್ಕು ಮೂಲೆ ಹಿಡಿದು ಮಾಸ್ಕ್ ಹಾಕಿ, ಅಂಚನ್ನು ಕೊಂಚ ಮೆದು ಮಾಡಿ, ವಾಲ್ ಮುಂದೆ ನಿಂತ ಮದುಮಕ್ಕಳನ್ನು ಇನ್ನೊಂದು ಮಾಸ್ಕ್‌ನಿಂದ ಹೊರಗಿಡುತ್ತೇನೆ. ಹೊತ್ತು ಹಿಡಿಯುವುದು ಈ ಎರಡನೇ ಮಾಸ್ಕ್‌ಗೆ. ಅಕ್ಷತೆ ಹಾಕುವ ಕೈ ವಾಲ್ ಮೇಲೆ ಹಾದರೆ, ಮಾಸ್ಕ್ ಅದನ್ನು ಹಿಂಬಾಲಿಸದಿದ್ದಲ್ಲಿ ಕೈ ಅರ್ಧಕ್ಕೆ ಕರಗಿದಂತೆ ಕಾಣುತ್ತದೆ. ದಾವಿಂಚಿ ರಿಸಾಲ್ವ್ ಸ್ಟುಡಿಯೋ ಇದ್ದವರು ಅದರ Deflicker ಅನ್ನು Fluoro Light ಮೋಡ್‌ನಲ್ಲಿ ನೋಡಬಹುದು. ನನಗೆ ಐದು ಫ್ರೇಮಿನ ಸರಾಸರಿಯೇ ಹೆಚ್ಚು ನಂಬಿಕೆಯದು, ಏಕೆಂದರೆ ಅದರ ಲೆಕ್ಕ ನನ್ನ ಕೈಯಲ್ಲಿರುತ್ತದೆ.

ಟ್ರೈಪಾಡ್ ಮೇಲಿದ್ದ ಕ್ಯಾಮೆರಾ, ವಾಲ್‌ನಲ್ಲಿ ನಿಂತ ಚಿತ್ರ: ಇವೆರಡೂ ಇದ್ದರೆ ಮಾತ್ರ ಈ ದಾರಿ. ವಾಲ್‌ನಲ್ಲಿ ಪ್ರಿ-ವೆಡ್ಡಿಂಗ್ ವಿಡಿಯೋ ಓಡುತ್ತಿದ್ದರೆ ಸರಾಸರಿಯಲ್ಲಿ ಅದು ಕಲಸಿಹೋಗುತ್ತದೆ. ಆಗ ಆಪರೇಟರ್‌ನಿಂದ ಮೂಲ ಫೈಲ್ ತರಿಸಿ, ಕಾರ್ನರ್ ಪಿನ್‌ನಲ್ಲಿ ವಾಲ್‌ನ ಜಾಗಕ್ಕೆ ಕೂರಿಸಿ, ಶಬ್ದ ಕೇಳಿ ಸಮಯ ಹೊಂದಿಸುತ್ತೇನೆ. ಮೂಲ ಫೈಲ್ ಬಹಳ ಚುರುಕಾಗಿ ಕಾಣುತ್ತದೆ, ಸ್ವಲ್ಪ ಬ್ಲರ್ ಕೊಟ್ಟು ಕಪ್ಪನ್ನು ಮೇಲೆತ್ತಬೇಕು, ಇಲ್ಲದಿದ್ದರೆ ಅಂಟಿಸಿದ್ದು ಎಂದು ತಕ್ಷಣ ಗೊತ್ತಾಗುತ್ತದೆ. 1/500ರಂಥ ವೇಗದ ಶಟರ್‌ನಲ್ಲಿ ಶೂಟ್ ಆಗಿ, ವಾಲ್ ತುಂಬ ಕಡುಕಪ್ಪು ಗೆರೆಗಳಿರುವ ಕ್ಲಿಪ್‌ಗೂ ಇದೊಂದೇ ದಾರಿ. ಆ ಗೆರೆಗಳಿದ್ದಲ್ಲಿ ಕ್ಯಾಮೆರಾಗೆ ಚಿತ್ರವೇ ಸಿಕ್ಕಿರುವುದಿಲ್ಲ, ಸರಾಸರಿ ತೆಗೆದರೂ ಎಲ್ಲ ಸಾಲಿಗೂ ಒಂದೇ ಬೆಳಕು ಬರುವುದಿಲ್ಲ.