ಅರಿಶಿನದ ಕಾಗದ ಕೆಂಪಾಗುವುದು ಯಾವಾಗ?

ಪೋಷಕರೇ, ಈ ವಾರ ಮಕ್ಕಳಿಗೆ ಮನೆಯಲ್ಲೇ ಮಾಡಲು ಒಂದು ಪ್ರಯೋಗ ಕೊಟ್ಟಿದ್ದೇನೆ. ಬೇಕಾದದ್ದೆಲ್ಲ ಅಡುಗೆಮನೆಯಲ್ಲೇ ಇದೆ. ಆದರೆ ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು.

ಒಂದು ಚಮಚ ಅರಿಶಿನಪುಡಿಗೆ ಎರಡು ಮೂರು ಚಮಚ ನೀರು ಹಾಕಿ ಕಲಸಿ. ಬಿಳಿ ಟಿಶ್ಯೂ ಕಾಗದಕ್ಕೆ ತೆಳುವಾಗಿ ಬಳಿದು ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿಟ್ಟರೆ ಬಣ್ಣ ಮಾಸುತ್ತದೆ. ಒಣಗಿದ ಮೇಲೆ ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ.

ಈಗ ಮೂರು ಹಳೇ ಲೋಟಗಳಲ್ಲಿ ಕುಡಿಯುವ ನೀರು, ನಿಂಬೆರಸ, ಬಟ್ಟೆ ಸೋಪಿನ ನೀರು ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಹೊಸ ಪಟ್ಟಿ ಅದ್ದಿ. ಸೋಪಿನ ನೀರಲ್ಲಿ ಮಾತ್ರ ಪಟ್ಟಿ ಕೆಂಪಗಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರ ಸಿಕ್ಕಾಗ ಬಣ್ಣ ಬದಲಿಸುತ್ತದೆ. ಆ ಕೆಂಪು ಪಟ್ಟಿಗೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ನೀರಿಗೂ ನಿಂಬೆರಸಕ್ಕೂ ಮಾತ್ರ ವ್ಯತ್ಯಾಸ ಕಾಣುವುದಿಲ್ಲ. ಅರಿಶಿನ ಕ್ಷಾರವನ್ನಷ್ಟೇ ತೋರಿಸುತ್ತದೆ, ಆಮ್ಲವನ್ನಲ್ಲ.

ನನಗೆ ಇಷ್ಟವಾದ ಭಾಗ ಇನ್ನು ಮುಂದೆ. ಅರ್ಧ ಚಮಚ ಅಡುಗೆ ಸೋಡಾವನ್ನು ಕಾಲು ಲೋಟ ನೀರಲ್ಲಿ ಕರಗಿಸಿ ಪಟ್ಟಿ ಅದ್ದಿ. ಬಣ್ಣ ಅಷ್ಟೇನೂ ಬದಲಾಗದು, ಹೆಚ್ಚೆಂದರೆ ಕಂದು ಕಿತ್ತಳೆ. ಅದೇ ನೀರನ್ನು ಸ್ಟೀಲ್ ಪಾತ್ರೆಯಲ್ಲಿ ನೀವೇ ಐದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ, ಪೂರ್ತಿ ಆರಿಸಿ, ಹೊಸ ಪಟ್ಟಿ ಅದ್ದಿ. ಈ ಸಲ ಕೆಂಪು ಜಾಸ್ತಿ! ಕುದಿಯುವಾಗ ಕಾರ್ಬನ್ ಡೈಆಕ್ಸೈಡ್ ಹೊರಹೋಗಿ, ಸೋಡಾದ ಒಂದು ಭಾಗ ವಾಷಿಂಗ್ ಸೋಡಾ ಆಗಿರುತ್ತದೆ. ಅದರ ಕ್ಷಾರ ಹೆಚ್ಚು ಬಲವಾದದ್ದು. ಬೇಕಿಂಗ್ ಪೌಡರ್ ತರಬೇಡಿ, ಅದರಲ್ಲಿ ಆಮ್ಲವೂ ಬೆರೆತಿರುತ್ತದೆ.

ಆರತಿಗೆ ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪು ಮಾಡುತ್ತೀವಲ್ಲ, ಅದನ್ನೇ ಮಾಡಿಸೋಣ ಅಂತ ಅಜ್ಜಿಯಂದಿರು ಹೇಳಬಹುದು. ದಯವಿಟ್ಟು ಬೇಡ. ಎಲೆಯಡಿಕೆಯ ಸುಣ್ಣ ಬಲವಾದ ಕ್ಷಾರ. ಕಣ್ಣಿಗೆ ಬಿದ್ದರೆ ಮೆತ್ತಿಕೊಂಡು ಸುಡುತ್ತಲೇ ಇರುತ್ತದೆ, ದೃಷ್ಟಿಯೇ ಹೋಗಬಹುದು. ಸುಣ್ಣದ ಪೊಟ್ಟಣವನ್ನು ಹಿಸುಕುವಾಗ ಅದು ಮುಖಕ್ಕೇ ಚಿಮ್ಮುವುದುಂಟು. ಟಾಯ್ಲೆಟ್ ಕ್ಲೀನರನ್ನೂ ಬ್ಲೀಚನ್ನೂ ಮಕ್ಕಳ ಕೈಗೆ ಕೊಡಬೇಡಿ. ಅವೆರಡೂ ಬೆರೆತರೆ ವಿಷಾನಿಲವಾದ ಕ್ಲೋರಿನ್ ಬರಬಹುದು. ಸೋಡಾ ಮತ್ತು ನಿಂಬೆರಸ ಒಟ್ಟಿಗೆ ಸುರಿದರೆ ತೊಂದರೆಯಿಲ್ಲ, ಸುಮ್ನೆ ನೊರೆ ಬರುತ್ತದೆ. ಆದರೆ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದರೆ ಅದು ಸಿಡಿಯಬಹುದು.

ಯಾವುದನ್ನೂ ರುಚಿ ನೋಡಬಾರದು. ಕಣ್ಣಿಗೆ ಏನಾದರೂ ಚಿಮ್ಮಿದರೆ ಉಜ್ಜಬೇಡಿ. ಸಣ್ಣಗೆ ಹರಿಯುವ ನಲ್ಲಿ ನೀರಲ್ಲಿ ಹದಿನೈದು ನಿಮಿಷವಾದರೂ ತೊಳೆಯಿರಿ. ಸುಣ್ಣ ಬಿದ್ದಿದ್ದರೆ ಇಪ್ಪತ್ತು ನಿಮಿಷ ತೊಳೆದು ಕೂಡಲೇ ಕಣ್ಣಿನ ವೈದ್ಯರ ಹತ್ತಿರ ಹೋಗಿ.

ಹಳೇ ಬಟ್ಟೆ ಹಾಕಿಸುವುದು ಮರೀಬೇಡಿ. ಅರಿಶಿನ ಅಂಟಿದ ಜಾಗಕ್ಕೆ ಸೋಪು ಹಚ್ಚಿದರೆ ಅದು ಕೆಂಪಾಗುತ್ತದೆ. ಗಾಬರಿ ಬೇಡ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ.